700 ಟನ್ನಿನ ಲೆಕ್ಕವೂ 1130 ಟನ್ನಿನ ಲೆಕ್ಕವೂ: ಪೆಟ್ಟಿಗೆ ಘಟಕ ಹಾಕುವ ಮುನ್ನ ನಾನು ಮಾಡಿದ್ದು

ತುಮಕೂರಿನ ಹೊರವಲಯದಲ್ಲಿ ನಾನೂ ನನ್ನ ಅಣ್ಣನೂ ಸೇರಿ ರಟ್ಟಿನ ಪೆಟ್ಟಿಗೆ ತಯಾರಿಸುವ ಘಟಕವನ್ನು ಹಾಕಲು ಹೊರಟಾಗ, ನಮ್ಮ ಕೈಯಲ್ಲಿದ್ದ ಯೋಜನಾ ವರದಿಯಲ್ಲಿ ಎಲ್ಲರ ಕಣ್ಣು ನಿಂತದ್ದು ಒಂದೇ ಸಂಖ್ಯೆಯ ಮೇಲೆ. ವರ್ಷಕ್ಕೆ 700 ಟನ್ ಪೆಟ್ಟಿಗೆ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಮೇಲೆ ಮಾರಿದ್ದೆಲ್ಲ ಲಾಭ. ಒಂದು ಪಾಳಿಯಲ್ಲಿ ಯಂತ್ರಗಳ ಸಾಮರ್ಥ್ಯ 1500 ಟನ್ ಇದ್ದುದರಿಂದ, "ಅರ್ಧ ಕೆಲಸ ಸಿಗುವ ಮೊದಲೇ ಲೆಕ್ಕ ಸಮ ಆಗುತ್ತಲ್ಲ, ಇನ್ನೇನು ಯೋಚನೆ?" ಎಂದು ಅಣ್ಣ ಕೇಳಿದ್ದರು.

ಆ 700 ಬಂದದ್ದು ಹೀಗೆ. ಪೆಟ್ಟಿಗೆಯ ಬೆಲೆ ಕಿಲೋಗೆ 60 ರೂಪಾಯಿ. ಕ್ರಾಫ್ಟ್ ಕಾಗದ, ಅಂಟು, ಶಾಯಿ, ಉರುವಲು, ಸಾಗಣೆ ಎಲ್ಲ ಸೇರಿ ಕಿಲೋಗೆ 48 ರೂಪಾಯಿ ಖರ್ಚು. ಉಳಿಯುವುದು ಕಿಲೋಗೆ 12, ಅಂದರೆ ಟನ್ನಿಗೆ 12 ಸಾವಿರ ರೂಪಾಯಿ. ಮಾರಲಿ ಬಿಡಲಿ ಕೈಯಿಂದ ಹೋಗುವ ಸಂಬಳ, ವಿಮೆ, ವಿದ್ಯುತ್ತಿನ ನಿಗದಿತ ಶುಲ್ಕ ಮುಂತಾದವು ವರ್ಷಕ್ಕೆ 54 ಲಕ್ಷ. ಶೆಡ್ಡು ಮತ್ತು ಯಂತ್ರಗಳಿಗೆ 3 ಕೋಟಿ. ಅದನ್ನು ಹತ್ತು ವರ್ಷಕ್ಕೆ ಸಮವಾಗಿ ಹಂಚಿದರೆ ಸವಕಳಿ ವರ್ಷಕ್ಕೆ 30 ಲಕ್ಷ. ಒಟ್ಟು 84 ಲಕ್ಷವನ್ನು 12 ಸಾವಿರದಿಂದ ಭಾಗಿಸಿದರೆ 700 ಟನ್.

ಈ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅದು ಉತ್ತರಿಸುತ್ತಿದ್ದ ಪ್ರಶ್ನೆ ನಮ್ಮ ಪ್ರಶ್ನೆಯಾಗಿರಲಿಲ್ಲ. ಪ್ರತಿ ವರ್ಷ ಸರಿಯಾಗಿ 700 ಟನ್ ಮಾರಿದರೆ ಲೆಕ್ಕಪತ್ರದಲ್ಲಿ ಲಾಭ ಸೊನ್ನೆ, ತೆರಿಗೆಯೂ ಸೊನ್ನೆ. ಸವಕಳಿಗೆ ಯಾರಿಗೂ ಹಣ ಕೊಡಬೇಕಿಲ್ಲವಾದ್ದರಿಂದ ಕೈಯಲ್ಲಿ ವರ್ಷಕ್ಕೆ 30 ಲಕ್ಷ ನಗದು ಉಳಿಯುತ್ತದೆ. ಹತ್ತು ವರ್ಷ ಅಷ್ಟಷ್ಟೇ ಬಂದರೆ ಒಟ್ಟು 3 ಕೋಟಿ, ಅಂದರೆ ಹಾಕಿದ ಹಣ ಒಂದು ರೂಪಾಯಿಯೂ ಬೆಳೆಯದೆ ಹತ್ತು ವರ್ಷಗಳಲ್ಲಿ ಚೂರುಚೂರಾಗಿ ಹಿಂದಿರುಗುತ್ತದೆ. ನಮ್ಮ ಹಣದಲ್ಲಿ ಅರ್ಧ ಬ್ಯಾಂಕಿನ ಸಾಲ, ಬಡ್ಡಿ ಶೇ. 10.5, ತೆರಿಗೆ ಉಳಿತಾಯ ಕಳೆದರೆ ಸುಮಾರು ಶೇ. 8, ಉಳಿದರ್ಧ ನಮ್ಮದೇ, ಅದರಿಂದ ಈ ಅಪಾಯಕ್ಕೆ ಶೇ. 20 ಆದರೂ ಬರಬೇಕೆಂದು ನಾವು ಎಣಿಸಿದ್ದೆವು. ಎರಡರ ಸರಾಸರಿ ಶೇ. 14. ಆ ದರದಲ್ಲಿ ಹತ್ತು ವರ್ಷಗಳ 30 ಲಕ್ಷಕ್ಕೆ ಇಂದಿನ ಬೆಲೆ ಸುಮಾರು 1 ಕೋಟಿ 56 ಲಕ್ಷ ಮಾತ್ರ. "ಸಮ" ಎಂದು ನಾವು ನಂಬಿದ್ದ ಜಾಗದಲ್ಲಿ 1 ಕೋಟಿ 44 ಲಕ್ಷದಷ್ಟು ಮೌಲ್ಯ ಕರಗುತ್ತಿತ್ತು.

ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಂಡೆ: ಶೇ. 14ರ ದರದಲ್ಲಿ ನಿವ್ವಳ ವರ್ತಮಾನ ಮೌಲ್ಯ, ಅಂದರೆ ಮುಂದೆ ಬರುವ ನಗದಿನ ಇಂದಿನ ಬೆಲೆಯಲ್ಲಿ ಹಾಕಿದ ಹಣ ಕಳೆದು ಉಳಿಯುವುದು, ಸೊನ್ನೆಯಾಗಬೇಕಾದರೆ ವರ್ಷಕ್ಕೆ ಎಷ್ಟು ನಗದು ಬರಬೇಕು? ಎಕ್ಸೆಲ್‌ನಲ್ಲಿ ಇದು ಒಂದೇ ಸಾಲು:

```
=PMT(14%,10,-300)
```

ಉತ್ತರ 57.5 ಲಕ್ಷ. ಸವಕಳಿಯ 30 ಲಕ್ಷದ ಜಾಗದಲ್ಲಿ ಕೂರಬೇಕಾದ ನಿಜವಾದ ಸಂಖ್ಯೆ ಇದು. ಬಂಡವಾಳ ಹಿಂದಿರುಗುವುದೂ ಅದರ ಮೇಲಿನ ಪ್ರತಿಫಲವೂ ಇದರಲ್ಲೇ ಅಡಗಿವೆ. ಬಡ್ಡಿಯನ್ನು ಸ್ಥಿರ ವೆಚ್ಚಕ್ಕೆ ಮತ್ತೆ ಸೇರಿಸಬಾರದು ಎಂಬುದೂ ಇದರಿಂದಲೇ ತಿಳಿಯುತ್ತದೆ, ಏಕೆಂದರೆ ಅದು ಶೇ. 14ರೊಳಗೆ ಆಗಲೇ ಬಂದಿದೆ. ನನ್ನ ಮೊದಲ ಕರಡಿನಲ್ಲಿ ನಾನು ಈ ತಪ್ಪನ್ನೇ ಮಾಡಿದ್ದೆ.

ತೆರಿಗೆ ಇಲ್ಲದಿದ್ದರೆ ಈ ನಗದಿಗೆ ಸುಮಾರು 930 ಟನ್ ಸಾಕು. ಆದರೆ 700 ದಾಟಿದ ಪ್ರತಿ ಟನ್ನಿನ ಲಾಭದಲ್ಲೂ ಕಾಲು ಭಾಗ ತೆರಿಗೆಗೆ ಹೋಗುತ್ತದೆ. 700 ಟನ್‌ವರೆಗೆ ಸಿಕ್ಕಿದ 30 ಲಕ್ಷದ ಮೇಲೆ ಇನ್ನೂ 27.5 ಲಕ್ಷ ಬೇಕು, ಟನ್ನಿಗೆ ತೆರಿಗೆ ಕಳೆದು 9 ಸಾವಿರ ಸಿಗುತ್ತದೆ. ಆದ್ದರಿಂದ ಇನ್ನೂ 306 ಟನ್, ಒಟ್ಟು 1006. ಲೆಕ್ಕಪತ್ರದ ಸಮಬಿಂದುವಿಗೆ ತೆರಿಗೆ ತಟ್ಟುವುದಿಲ್ಲ, ಈ ಎರಡನೆಯದಕ್ಕೆ ತಟ್ಟುತ್ತದೆ. ಅಂತರ ಇಷ್ಟು ಹಿಗ್ಗುವುದಕ್ಕೆ ಅದೂ ಒಂದು ಕಾರಣ.

ಇಲ್ಲಿಗೇ ನಿಲ್ಲಿಸಿದ್ದರೆ ದೊಡ್ಡದೊಂದು ವಿಷಯ ಕೈತಪ್ಪುತ್ತಿತ್ತು. ನಮ್ಮ ಗಿರಾಕಿಗಳು ಹಣ ಕೊಡುವುದು 60 ದಿನಕ್ಕೆ. ಕಾಗದದ ಮಿಲ್ಲುಗಳು ನಮಗೆ ಕೊಡುವ ಸಾಲ 30 ದಿನಕ್ಕೆ. ಸಾವಿರ ಟನ್ನಿನ ಆಸುಪಾಸಿನ ವ್ಯಾಪಾರಕ್ಕೆ ಸುಮಾರು 80 ಲಕ್ಷ ದುಡಿಯುವ ಬಂಡವಾಳ ಸದಾ ಸಿಕ್ಕಿಕೊಂಡಿರುತ್ತದೆ. ಲಾಭ-ನಷ್ಟದ ತಖ್ತೆಯಲ್ಲಿ ಇದಕ್ಕೆ ಸವಕಳಿ ಇಲ್ಲ, ಆದ್ದರಿಂದ 700ರ ಲೆಕ್ಕದಲ್ಲಿ ಇದರ ಸುಳಿವೇ ಇಲ್ಲ. ಹತ್ತನೆಯ ವರ್ಷದ ಕೊನೆಗೆ ಪೂರ್ತಿ ವಾಪಸು ಬಂದರೂ, ಆ ವಾಪಸಾತಿಗೆ ಇಂದಿನ ಬೆಲೆ 22 ಲಕ್ಷಕ್ಕಿಂತ ಕಡಿಮೆ. ಇದನ್ನು ಸೇರಿಸಿದಾಗ ಬೇಕಾದ ಮಾರಾಟ 1130 ಟನ್ನಿಗೆ ಏರಿತು.

ಈ ಎರಡು ಸಂಖ್ಯೆಗಳ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಶೆಡ್ಡಿನ ವಿಷಯದಲ್ಲಿ. 3 ಕೋಟಿಯಲ್ಲಿ 90 ಲಕ್ಷ ನಾವೇ ಕಟ್ಟಿಸಬೇಕೆಂದಿದ್ದ ಶೆಡ್ಡಿಗೆ. ಅದರ ಬದಲು ಅಂಥದ್ದೇ ಶೆಡ್ಡು ವರ್ಷಕ್ಕೆ 9 ಲಕ್ಷ ಬಾಡಿಗೆಗೆ ಸಿಗುವಂತಿತ್ತು. ಲೆಕ್ಕಪತ್ರದಲ್ಲಿ 9 ಲಕ್ಷ ಸವಕಳಿ ಹೋಗಿ 9 ಲಕ್ಷ ಬಾಡಿಗೆ ಬರುತ್ತದೆ. ಸಮಬಿಂದು ಮತ್ತೆ 700, ಒಂದು ಟನ್ನೂ ಆಚೀಚೆ ಆಗಲಿಲ್ಲ. ಆದರೆ ವರ್ತಮಾನ ಮೌಲ್ಯದ ಲೆಕ್ಕದಲ್ಲಿ 1130 ಇದ್ದದ್ದು 1038ಕ್ಕೆ ಇಳಿಯಿತು. "ಸ್ವಂತ ಶೆಡ್ಡಾದರೆ ಹತ್ತು ವರ್ಷದ ಮೇಲೂ ನಮ್ಮದೇ ಅಲ್ಲವೇ?" ಎಂಬ ಅಣ್ಣನ ಮಾತು ನ್ಯಾಯವಾದದ್ದೇ. ಅದನ್ನೂ ಲೆಕ್ಕ ಹಾಕಿದೆ: ಈ 92 ಟನ್ನಿನ ಅಂತರವನ್ನು ಮುಚ್ಚಲು 90 ಲಕ್ಷದ ಶೆಡ್ಡು ಹತ್ತು ವರ್ಷದ ನಂತರ ಸುಮಾರು 1 ಕೋಟಿ 60 ಲಕ್ಷಕ್ಕೆ ಮಾರಾಟವಾಗಬೇಕಿತ್ತು. ನಿವೇಶನದ ಬೆಲೆ ಏರಬಹುದು, ಆದರೆ ಹತ್ತು ವರ್ಷ ಹಳೆಯ ತಗಡಿನ ಶೆಡ್ಡಿಗೆ ಅಷ್ಟು ಬೆಲೆ ಬರುವುದೆಂದು ನಾನು ನಂಬಲಿಲ್ಲ.

ಕೊನೆಯದಾಗಿ ಎರಡು ಅನುಮಾನಗಳನ್ನು ಪರೀಕ್ಷಿಸಿದೆ. ಮೊದಲ ವರ್ಷವೇ ಸಾವಿರ ಟನ್ ಮಾರಾಟ ಸಾಧ್ಯವಿಲ್ಲ. ಗಿರಾಕಿಗಳು ಮಾದರಿ ನೋಡಿ ಒಪ್ಪುವುದಕ್ಕೇ ತಿಂಗಳುಗಳು ಬೇಕು. ಮೊದಲ ವರ್ಷ 500 ಟನ್ ಎಂದಿಟ್ಟುಕೊಂಡರೆ, ಆ ಕೊರತೆಯನ್ನು ತುಂಬಲು ಉಳಿದ ಒಂಬತ್ತು ವರ್ಷ ಸ್ವಂತ ಶೆಡ್ಡಿನ ಯೋಜನೆಯಲ್ಲಿ ಸುಮಾರು 1260 ಟನ್, ಬಾಡಿಗೆಯದರಲ್ಲಿ ಸುಮಾರು 1150 ಟನ್ ಬೇಕು. ಇದರ ಮೇಲೆ ಕಾಗದದ ಬೆಲೆ ಏರಿ, ಗಿರಾಕಿಗಳು ದರ ಪರಿಷ್ಕರಣೆಗೆ ಒಪ್ಪದೆ, ಕಿಲೋಗೆ ಉಳಿಯುವುದು 12ರಿಂದ 10 ರೂಪಾಯಿಗೆ ಇಳಿದರೆ ಏನಾಗುತ್ತದೆ? 700 ಆಗ 840 ಆಗುತ್ತದೆ, ನೋಡಿದವರಿಗೆ ಅಪಾಯವೇನೂ ಕಾಣುವುದಿಲ್ಲ. ಆದರೆ ಸ್ವಂತ ಶೆಡ್ಡಿನ ಯೋಜನೆಗೆ 1500ಕ್ಕಿಂತ ಹೆಚ್ಚು ಟನ್ ಬೇಕಾಗುತ್ತದೆ, ಅಂದರೆ ಒಂದು ಪಾಳಿಯ ಯಂತ್ರ ಪೂರ್ತಿ ಓಡಿದರೂ ಹಾಕಿದ ಹಣದ ಬೆಲೆ ಹುಟ್ಟುವುದಿಲ್ಲ. ಬಾಡಿಗೆಯ ಯೋಜನೆ ಅದೇ ಸ್ಥಿತಿಯಲ್ಲಿ 1400ರ ಒಳಗೆ ನಿಂತಿತು. ಬಾಡಿಗೆಯೂ ಬೆಲೆಗಳೂ ಹತ್ತು ವರ್ಷ ಒಂದೇ ಸಮ ಇರುತ್ತವೆ ಎಂದು ಹಿಡಿದ ಲೆಕ್ಕ ಇದು. ಆ ಮಿತಿಯನ್ನು ಅರಿತೇ ನಾವು ಬಾಡಿಗೆ ಶೆಡ್ಡನ್ನು ಆರಿಸಿಕೊಂಡೆವು, ಮೂರು ದೊಡ್ಡ ಗಿರಾಕಿಗಳೊಂದಿಗೆ ಕಾಗದದ ದರಕ್ಕೆ ತಕ್ಕಂತೆ ಪೆಟ್ಟಿಗೆಯ ದರ ಬದಲಾಗುವ ಕರಾರು ಮಾಡಿಕೊಂಡೆವು.

ಕಚೇರಿಯ ಹಲಗೆಯ ಮೇಲೆ ಮೊದಲು ತಿಂಗಳಿಗೆ 58 ಟನ್ ಎಂದು ಬರೆದಿತ್ತು. ಈಗ ಅದರ ಮೇಲೆ ಇನ್ನೊಂದು ಗೆರೆ ಎಳೆಸಿ, ಬಾಡಿಗೆ ಯೋಜನೆಯ 1150 ಟನ್ನಿನ ಲೆಕ್ಕದಂತೆ 96 ಎಂದು ಬರೆಸಿದ್ದೇನೆ. 80 ಟನ್ ಮಾರಿದ ತಿಂಗಳು ಬಡ್ಡಿ, ತೆರಿಗೆಗಳ ಮುನ್ನ ಎರಡೂವರೆ ಲಕ್ಷಕ್ಕೂ ಹೆಚ್ಚು ಲಾಭ ಕಾಣುತ್ತದೆ. ಆದರೂ ಆ ತಿಂಗಳು ಎರಡನೆಯ ಗೆರೆಗೆ 16 ಟನ್ ಕಡಿಮೆಯಾಗಿದೆ ಎಂಬುದನ್ನು ನಾವಿಬ್ಬರೂ ಒಟ್ಟಿಗೆ ಕೂತು ಬರೆದಿಡುತ್ತೇವೆ.