ಬಟ್ಟೆ ಜಾಲಿಸಿದ ನೀರಿಗೊಂದು ಅರಿಶಿನದ ಪರೀಕ್ಷೆ

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾಗಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದಾಗ, ಬೆಂಗಳೂರಿನ ನಮ್ಮ ಬೀದಿಯಲ್ಲಿ ಹಲವರು ವಾಷಿಂಗ್ ಮೆಷಿನ್ನಿನ ಪೈಪನ್ನು ಗಿಡಗಳ ಕಡೆಗೆ ತಿರುಗಿಸಿದರು. ನಮ್ಮ ಮನೆಯಲ್ಲಿ ಈ ರೂಢಿ ಅದಕ್ಕಿಂತ ಹಳೆಯದು. ಆರಂಭದಲ್ಲಿ ತಿಳಿಯದೆ ಒಂದು ಕೇಪಳದ ಗಿಡವನ್ನು ಕೆಡಿಸಿದ್ದೂ ಉಂಟು.

ಮೆಷಿನ್ ಒಂದು ಸಲದ ಒಗೆತದಲ್ಲಿ ಸಾಮಾನ್ಯವಾಗಿ ಮೂರು ಬಾರಿ ನೀರು ಹೊರಬಿಡುತ್ತದೆ. ಮೊದಲನೆಯದು ಸೋಪು, ಕೊಳೆ ಎರಡೂ ತುಂಬಿದ ನೀರು. ಅದು ಗಿಡಕ್ಕೆ ಬೇಡ, ಅಂಗಳ ತೊಳೆಯಲು ಅಥವಾ ಶೌಚಾಲಯಕ್ಕೆ ಸಾಕು. ಎರಡನೆಯದರಲ್ಲಿಯೂ ಬಟ್ಟೆ ಹಿಡಿದುಕೊಂಡಿದ್ದ ಸೋಪು ಸಾಕಷ್ಟಿರುತ್ತದೆ. ಗಿಡಕ್ಕೆ ತಕ್ಕದ್ದು ಕೊನೆಯ ಬಾರಿ ಜಾಲಿಸಿದ ನೀರು ಮಾತ್ರ. ಟಾಪ್ ಲೋಡ್ ಮೆಷಿನ್ನಿನಲ್ಲಿ ಇದೊಂದೇ ಎರಡು ಮೂರು ಬಕೆಟ್ ಸಿಗುತ್ತದೆ. ಪಂಪಿನಿಂದ ನೀರು ಹೊರಹಾಕುವ ಮೆಷಿನ್ ಆದರೆ ಪೈಪಿನ ತುದಿಯನ್ನು ನೆಲಕ್ಕೆ ಇಳಿಬಿಡದೆ ಎತ್ತರದ ಡ್ರಮ್ಮಿನ ಬಾಯಿಗೆ ಸಿಕ್ಕಿಸಬೇಕು, ಇಲ್ಲವಾದರೆ ತುಂಬುತ್ತಿರುವ ನೀರೂ ತಾನಾಗಿ ಹರಿದುಹೋಗುತ್ತದೆ.

ಸೋಪಿನ ಪುಡಿಯಲ್ಲಿ ಗಿಡಕ್ಕೆ ತೊಂದರೆ ಕೊಡುವುದು ಮುಖ್ಯವಾಗಿ ಸೋಡಿಯಂ. ಅಗ್ಗದ ಪುಡಿಗಳಲ್ಲಿ ವಾಷಿಂಗ್ ಸೋಡಾ ಮತ್ತು ಸೋಡಿಯಂ ಸಲ್ಫೇಟ್ ಧಾರಾಳವಾಗಿರುತ್ತವೆ. ಸೋಡಿಯಂ ಸೇರುತ್ತಾ ಹೋದಂತೆ ಮಣ್ಣಿನ ಹೆಂಟೆಗಳು ಒಡೆದು ಸಣ್ಣ ಕಣಗಳಾಗಿ, ರಂಧ್ರಗಳು ಮುಚ್ಚಿ, ನೀರು ಇಂಗುವುದು ನಿಧಾನವಾಗುತ್ತದೆ. ಸೋಡಾದ ಕ್ಷಾರದಿಂದ ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ದೊರಕುವುದಿಲ್ಲ. ಆದ್ದರಿಂದ ಪುಡಿಗಿಂತ ದ್ರವರೂಪದ ಡಿಟರ್ಜೆಂಟ್ ಸಾಮಾನ್ಯವಾಗಿ ಮೇಲು. ಬ್ಲೀಚ್, ಬೋರಾಕ್ಸ್ ಮತ್ತು ಕಲೆ ತೆಗೆಯುವ ಪುಡಿ ಬಳಸಿದ ದಿನ ಯಾವ ನೀರನ್ನೂ ಗಿಡಕ್ಕೆ ಹಾಕಬಾರದು. ಬಟ್ಟೆ ಘಮಘಮಿಸಲೆಂದು ಹಾಕುವ ಕಂಡೀಷನರ್ ಬೆರೆಯುವುದು ನಾವು ಹಿಡಿಯುವ ಆ ಕೊನೆಯ ನೀರಿಗೇ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಕಂಡೀಷನರ್ ಬೇಕೆನ್ನುವವರು ಗಿಡದ ಆಸೆ ಬಿಡುವುದೇ ಸರಿ.

ನಿಮ್ಮ ಡಿಟರ್ಜೆಂಟ್ ಎಷ್ಟು ಕ್ಷಾರವೆಂದು ತಿಳಿಯಲು ಅರಿಶಿನ ಸಾಕು. ಸುಣ್ಣ ಬೆರೆತ ಅರಿಶಿನದ ನೀರು ಓಕುಳಿಯಾಗಿ ಕೆಂಪಾಗುವುದಕ್ಕೂ ಕ್ಷಾರವೇ ಕಾರಣ. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಹಚ್ಚಿ, ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿಟ್ಟುಕೊಳ್ಳಿ. ಒಂದನ್ನು ನಲ್ಲಿಯ ನೀರಿನಲ್ಲಿ, ಇನ್ನೊಂದನ್ನು ಜಾಲಿಸಿದ ನೀರಿನಲ್ಲಿ ಅದ್ದಿ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಜಾಲಿಸಿದ ನೀರಿನ ಪಟ್ಟಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ಆ ನೀರು ಗಿಡಕ್ಕಲ್ಲ. ಅಂಥ ಸಂದರ್ಭದಲ್ಲಿ ಸೋಪಿನ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ಮತ್ತೆ ಪರೀಕ್ಷಿಸಬೇಕು. ಇದು ತೋರಿಸುವುದು ಕ್ಷಾರವನ್ನೇ ಹೊರತು ಸೋಡಿಯಂ ಅನ್ನಲ್ಲ. ಹಾಗಾಗಿ ನಿಂಬೆರಸ ಅಥವಾ ವಿನೆಗರ್ ಹಿಂಡಿ ಪಟ್ಟಿಯನ್ನು ಹಳದಿಯಾಗಿಯೇ ಉಳಿಸಿಕೊಂಡರೂ ಸೋಡಿಯಂ ಅಲ್ಲಿಯೇ ಇರುತ್ತದೆ.

ಇನ್ನು ನಮ್ಮ ಕೇಪಳದ ವಿಷಯ. ಮಹಡಿಯ ಮೇಲಿನ 12 ಅಂಗುಲದ ಕುಂಡಕ್ಕೆ ಇಡೀ ಬೇಸಿಗೆ ಸೋಪಿನ ಪುಡಿಯ ಎರಡನೆಯ ನೀರನ್ನೇ ಹಾಕಿದ್ದೆವು. ಮೊದಲು ಮಣ್ಣಿನ ಮೇಲೆ ಬೆಳ್ಳಗಿನ ಪೊರೆ ಕಟ್ಟಿತು, ಆಮೇಲೆ ಸುರಿದ ನೀರು ಇಂಗದೆ ನಿಲ್ಲತೊಡಗಿತು, ಕೊನೆಗೆ ಹೊಸ ಚಿಗುರಿನ ನರಗಳು ಮಾತ್ರ ಹಸಿರಾಗಿ ಉಳಿದು ಎಲೆಯೆಲ್ಲ ಹಳದಿಯಾಯಿತು. ಗೊಬ್ಬರ ಸಾಲದೆಂದು ಭಾವಿಸಿ ಸಗಣಿಗೊಬ್ಬರ ಹಾಕಿದ್ದು ವ್ಯರ್ಥವಾಯಿತು. ಜೂನ್‌ನಲ್ಲಿ ಮೇಲಿನ ಪೊರೆಯನ್ನು ಕೆರೆದು ತೆಗೆದು, ಎರಡು ಚಮಚ ಜಿಪ್ಸಮ್ ಬೆರೆಸಿ, ಕುಂಡದ ಮಣ್ಣಿನ ಎರಡರಷ್ಟು ಮಳೆನೀರನ್ನು ನಿಧಾನವಾಗಿ ಸುರಿದು ತಳದ ತೂತಿನಿಂದ ಪೂರ್ತಿ ಹರಿಯಬಿಟ್ಟೆವು. ಜಿಪ್ಸಮ್‌ನ ಕ್ಯಾಲ್ಸಿಯಂ ಮಣ್ಣಿನಿಂದ ಸೋಡಿಯಂ ಅನ್ನು ಬಿಡಿಸುತ್ತದೆ, ನೀರು ಅದನ್ನು ಹೊರಗೆ ಒಯ್ಯುತ್ತದೆ. ಹಳದಿ ಎಲೆಗಳು ಹಸಿರಾಗಲಿಲ್ಲ. ಆದರೆ ತಿಂಗಳ ಮೇಲೆ ಬಂದ ಚಿಗುರು ಹಸಿರಾಗಿಯೇ ಬಂತು.

ಅಂದಿನಿಂದ ಕೇಪಳ, ಆಂಥೂರಿಯಂ, ಜರೀಗಿಡಗಳಿಗೆ ಈ ನೀರು ಹಾಕುವುದಿಲ್ಲ. ನೆಲದಲ್ಲಿರುವ ಬಾಳೆ, ತೆಂಗು, ಕಣಗಿಲೆಗಳಿಗೆ ಹಾಕುತ್ತೇವೆ. ಕುಂಡಗಳಾದರೆ ಮೂರು ಸಲಕ್ಕೊಮ್ಮೆ ಬರೀ ನೀರು. ಎಲೆಗೆ ತಾಗದಂತೆ ಬುಡಕ್ಕೆ ಸುರಿಯಬೇಕು, ಹಸಿಯಾಗಿ ತಿನ್ನುವ ಕೊತ್ತಂಬರಿ ಪುದೀನಗಳಿಗೆ ಮುಟ್ಟಿಸಬಾರದು. ಮಗುವಿನ ಮಲದ ಬಟ್ಟೆ ಒಗೆದ ದಿನ ಎಲ್ಲವೂ ಮೋರಿಗೇ ಹೋಗಲಿ. ಡ್ರಮ್ಮಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಟ್ಟರೆ ನೀರು ನಾರುತ್ತದೆ. ಬೀಜ ತೆಗೆದ ಏಳೆಂಟು ಅಂಟುವಾಳಕಾಯಿಯ ಸಿಪ್ಪೆಯನ್ನು ಬಟ್ಟೆಚೀಲದಲ್ಲಿ ಕಟ್ಟಿ ಒಗೆತಕ್ಕೆ ಹಾಕಿದರೆ ಸೋಡಿಯಂನ ಚಿಂತೆಯೇ ಇರುವುದಿಲ್ಲ, ಆದರೆ ಎಣ್ಣೆ ಜಿಡ್ಡು ಅಷ್ಟಾಗಿ ಹೋಗದು. ಅಂಟುವಾಳದ ನೀರು ಮೀನಿಗೆ ವಿಷ. ಮೀನು ಬಿಟ್ಟಿರುವ ತಾವರೆಯ ತೊಟ್ಟಿಗೆ ಅದನ್ನು ಸುರಿಯಬೇಡಿ.