ಅಪ್ರೂವಲ್‌ನಲ್ಲಿ ಸಿಕ್ಕಿಕೊಂಡಿದ್ದ ಏಳು ಲಕ್ಷದ ಬಿಲ್ ಹೊರಗೆ ತೆಗೆದಿದ್ದು ಹೀಗೆ

"ಪ್ರೋಸೆಸ್‌ನಲ್ಲಿದೆ ಸಾರ್." ಈ ಉತ್ತರ ಕೇಳದ ವೆಂಡರ್ ಯಾರೂ ಇರಲಿಕ್ಕಿಲ್ಲ. ನಾನು ಇದನ್ನು ಎರಡು ತಿಂಗಳು ಕೇಳಿದೆ. ಕೊನೆಗೆ 2025ರ ಮಾರ್ಚ್‌ನಲ್ಲಿ ದುಡ್ಡು ಬಂತು. ನೋಟಿಸ್ ಇಲ್ಲ, ಜಗಳ ಇಲ್ಲ, ಕೆಲಸ ನಿಲ್ಲಿಸಿದ್ದೂ ಇಲ್ಲ. ಆಗೋದಿಲ್ಲ ಅಂದವರು ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳ್ತಿದ್ದಾರೆ, ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ನಮ್ಮದು ರಾಜಾಜಿನಗರದಲ್ಲಿ ಆರೇಳು ಜನರ ಟೀಮ್. ಫ್ಯಾಕ್ಟರಿ ಮೆಷಿನ್‌ಗಳಿಂದ ಡೇಟಾ ತೆಗೆದು ಸ್ಕ್ರೀನ್ ಮೇಲೆ ತೋರಿಸುವ ಕೆಲಸ. ಕ್ಲೈಂಟ್ ತುಮಕೂರು ಕಡೆಯ ದೊಡ್ಡ ಕಂಪನಿ, ಹೆಸರು ಬೇಡ. ಪರ್ಚೇಸ್ ಆರ್ಡರ್, ಅಂದರೆ ಪಿಒ, 20 ಲಕ್ಷಕ್ಕೆ, ಜಿಎಸ್‌ಟಿ ಬೇರೆ. ಅಡ್ವಾನ್ಸ್ 20 ಪರ್ಸೆಂಟ್, ಇನ್‌ಸ್ಟಾಲ್ ಆದ ಮೇಲೆ 30, ಯುಎಟಿ, ಅಂದರೆ ಕ್ಲೈಂಟ್ ತಾವೇ ನಡೆಸಿ ನೋಡುವ ಪರೀಕ್ಷೆ, ಮುಗಿದ ಮೇಲೆ 40, ಉಳಿದ 10 ಆರು ತಿಂಗಳ ನಂತರ. ಅಡ್ವಾನ್ಸ್ ಸಲೀಸಾಗಿ ಬಂತು. ಡಿಸೆಂಬರ್‌ನಲ್ಲಿ ಹಾಕಿದ ಎರಡನೇ ಬಿಲ್, 6 ಲಕ್ಷಕ್ಕೆ ಜಿಎಸ್‌ಟಿ ಸೇರಿ 7.08 ಲಕ್ಷ, ಅಲ್ಲೇ ನಿಂತಿತು.

ಜನವರಿ 20ಕ್ಕೆ ಆ 1.08 ಲಕ್ಷ ಜಿಎಸ್‌ಟಿಯನ್ನು ನಾವು ಬ್ಯಾಂಕಿನ ಓವರ್‌ಡ್ರಾಫ್ಟ್, ಅಂದರೆ ಓಡಿಯಿಂದ ಕಟ್ಟಿದೆವು. ಬಾರದ ದುಡ್ಡಿಗೆ ತೆರಿಗೆ. ಓಡಿ ಬಡ್ಡಿ ತಿಂಗಳಿಗೆ ಹೆಚ್ಚುಕಮ್ಮಿ ನೂರಕ್ಕೆ ಒಂದು ರೂಪಾಯಿ, ಅದರ ಮೇಲೆ ಸಂಬಳ. ಹೊಟ್ಟೆ ಉರಿಯುತ್ತೋ ಇಲ್ವೋ ಹೇಳಿ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ವಾರಕ್ಕೊಂದು ರಿಮೈಂಡರ್ ಮೇಲ್, ಅವರ ಪ್ರಾಜೆಕ್ಟ್ ಮ್ಯಾನೇಜರ್‌ಗೆ. ಉತ್ತರ ಬರಲಿಲ್ಲ ಅಂತ ನನ್ನ ಪಾರ್ಟ್ನರ್ ಪ್ಲಾಂಟ್ ಹೆಡ್‌ಗೂ ಸಿಸಿ ಹಾಕಿದ. ಅಷ್ಟಕ್ಕೇ ಮ್ಯಾನೇಜರ್ ಫೋನ್ ಎತ್ತುವುದನ್ನೇ ಬಿಟ್ಟರು. ಆಮೇಲೆ ಬೇಗ ಕೊಟ್ಟರೆ 2 ಪರ್ಸೆಂಟ್ ಬಿಡ್ತೀವಿ ಅಂತ ಪರ್ಚೇಸ್‌ನವರಿಗೆ ಹೇಳಿದೆವು. ಆತ ನಕ್ಕು, "ಡಿಸ್ಕೌಂಟ್ ತಗೊಳ್ಳೋಕೂ ಪಿಒ ಅಮೆಂಡ್ ಮಾಡ್ಬೇಕು, ಅದಕ್ಕೂ ಅಪ್ರೂವಲ್ ಬೇಕು" ಅಂದರು. ಬಿಲ್ ಮೇಲೆ ಮುಂಚೆಯೇ ದುಡ್ಡು ಸಿಗುವ ಆನ್‌ಲೈನ್ ವೇದಿಕೆ ಟ್ರೆಡ್ಸ್‌ನಲ್ಲಿ ಬಿಲ್ ಮಾರಿಬಿಡೋಣ ಅಂತಲೂ ನೋಡಿದೆ. ಅಲ್ಲಿ ಕೊಳ್ಳುವ ಕಂಪನಿ ಬಿಲ್ ಒಪ್ಪಿದ ಮೇಲಷ್ಟೇ ಬ್ಯಾಂಕಿನವರು ಬಿಡ್ ಹಾಕ್ತಾರೆ, ಒಪ್ಪಿಗೇನೇ ಇಲ್ಲದ ಬಿಲ್‌ಗೆ ಅದು ಉಪಯೋಗಕ್ಕೆ ಬರೋದಿಲ್ಲ. "ಸೈಟಿಗೆ ಹೋಗೋದು ನಿಲ್ಲಿಸು, ತಾನಾಗೇ ಬರುತ್ತೆ" ಅಂದ ಪಾರ್ಟ್ನರ್. ಆಡಿಟರ್ ಲಾಯರ್ ನೋಟಿಸ್ ಕಳಿಸಿ ಅಂದರು. ಬಿಲ್ ಯಾರ ಟೇಬಲ್ ಮೇಲಿದೆ ಅಂತ ಮೊದಲು ಗೊತ್ತಾಗಲಿ ಅಂದೆ ನಾನು. ಇಬ್ಬರೂ ನಕ್ಕರು.

ಆ ಹೊತ್ತಿಗೆ ನಾನು ಕೇಳುವ ಪ್ರಶ್ನೆಯನ್ನೇ ಬದಲಾಯಿಸಿದೆ. "ಪೇಮೆಂಟ್ ಯಾವಾಗ" ಅಂದರೆ ಯಾರು ಬೇಕಾದರೂ "ಶೀಘ್ರದಲ್ಲೇ" ಅಂತ ಹೇಳಿ ಕಳಿಸಬಹುದು. "ಎಸ್‌ಇಎಸ್ ನಂಬರ್ ಏನು" ಅಂದರೆ ಇದೆ ಅನ್ನಬೇಕು, ಇಲ್ಲ ಅನ್ನಬೇಕು, ನಡುವೆ ಜಾಗ ಇಲ್ಲ. ಎಸ್‌ಇಎಸ್ ಅಂದರೆ ಸರ್ವಿಸ್ ಎಂಟ್ರಿ ಶೀಟ್, ಕೆಲಸ ಆಗಿದೆ ಅಂತ ಅವರ ಸಿಸ್ಟಮ್‌ನಲ್ಲಿ ಹಾಕುವ ಎಂಟ್ರಿ. ಅದು ಆಗಿದ್ದರೆ ಬಿಲ್ ಫೈನಾನ್ಸ್ ಕಡೆ, ಆಗಿಲ್ಲದಿದ್ದರೆ ಇನ್ನೂ ಕೆಲಸ ಮಾಡಿಸಿಕೊಂಡ ಡಿಪಾರ್ಟ್‌ಮೆಂಟ್ ಕಡೆ. ಕೆಲವು ಕಂಪನಿಗಳಲ್ಲಿ ಇದನ್ನೂ ಜಿಆರ್‌ಎನ್ ಅಂತಲೇ ಕರೀತಾರೆ, ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎಸ್‌ಇಎಸ್ ಇದೆ ಅಂದರೆ ಎರಡನೇ ಪ್ರಶ್ನೆ: ಬಿಲ್ ಪಾರ್ಕ್ ಆಗಿದೆಯೋ ಪೋಸ್ಟ್ ಆಗಿದೆಯೋ, ಅಂದರೆ ಬರೀ ಎಂಟ್ರಿಯಾಗಿ ಕೂತಿದೆಯೋ ಲೆಕ್ಕದ ಪುಸ್ತಕಕ್ಕೆ ಸೇರಿದೆಯೋ? ನಮಗೆ ಎರಡನೆಯದರ ತನಕ ಹೋಗುವ ಅಗತ್ಯವೇ ಬರಲಿಲ್ಲ. ಅಕೌಂಟ್ಸ್ ಹೆಲ್ಪ್‌ಡೆಸ್ಕ್‌ನ ಹುಡುಗ ಒಂದೇ ನಿಮಿಷದಲ್ಲಿ ನೋಡಿ ಹೇಳಿದ: "ಸಾರ್, ನಿಮ್ಮ ಬಿಲ್ ನಮ್ಮಲ್ಲಿ ಇಲ್ವೇ ಇಲ್ಲ. ಎಸ್‌ಇಎಸ್ ಇಲ್ಲ ಅಂತ ಡಿಸೆಂಬರ್‌ನಲ್ಲೇ ವಾಪಸ್ ಹೋಗಿದೆ." ವಾಪಸ್ ಹೋಗಿದ್ದು ಎಲ್ಲಿಗೆ? ಪ್ರಾಜೆಕ್ಟ್ ಮ್ಯಾನೇಜರ್ ಮೇಲ್‌ಬಾಕ್ಸ್‌ಗೆ, ಯಾರೂ ತೆರೆಯದ ಆಟೋ ಮೇಲ್ ಆಗಿ.

ಮಾರನೇ ವಾರ ಸೈಟ್ ಕೆಲಸದ ನೆಪದಲ್ಲಿ ಹೋಗಿ, ಎಸ್‌ಇಎಸ್ ಹಾಕಬೇಕಾದ ಇಂಜಿನಿಯರ್ ಪಕ್ಕ ಕೂತೆ. "ತೋರಿಸ್ತೀನಿ ಬನ್ನಿ ಸಾರ್" ಅಂತ SAPನಲ್ಲಿ ಎಸ್‌ಇಎಸ್ ಹಾಕುವ ML81N ಸ್ಕ್ರೀನ್ ತೆರೆದರು. ನಮ್ಮ ಪಿಒದಲ್ಲಿ ಇದ್ದದ್ದು ಒಂದೇ ಲೈನ್, ಕ್ವಾಂಟಿಟಿ 1, ಯೂನಿಟ್ EA, ರೇಟ್ 20 ಲಕ್ಷ. ಮೈಲ್‌ಸ್ಟೋನ್ ಪರ್ಸೆಂಟ್ ಎಲ್ಲ ಕೆಳಗೆ ಪೇಮೆಂಟ್ ಟರ್ಮ್ಸ್‌ನಲ್ಲಿ ಬರೀ ವಾಕ್ಯವಾಗಿ ಬರೆದಿತ್ತು. 30 ಪರ್ಸೆಂಟ್ ಕೆಲಸಕ್ಕೆ ಎಂಟ್ರಿ ಹಾಕಬೇಕು ಅಂದರೆ ಕ್ವಾಂಟಿಟಿ 0.3 ಅಂತ ಹೊಡೆಯಬೇಕು. ಆತ ಹೊಡೆದರು, ಕೆಳಗೆ ಕೆಂಪಗೆ ಎರರ್ ಬಂತು. EA ಅಂದರೆ ಬಿಡಿ ಲೆಕ್ಕ, ಅಲ್ಲಿ ಪಾಯಿಂಟ್ ಹಾಕಲು ಸಿಸ್ಟಮ್ ಬಿಡುತ್ತಿರಲಿಲ್ಲ. 1 ಅಂತ ಹಾಕಿದರೆ ಪೂರ್ತಿ 20 ಲಕ್ಷದ ಕೆಲಸ ಮುಗಿಯಿತು ಅಂತ ಆಗುತ್ತೆ, ಅದಕ್ಕೆ ಯಾರೂ ಸೈನ್ ಮಾಡೋಲ್ಲ, ಮಾಡಲೂಬಾರದು. ಪಾಪ, ಆತ ಡಿಸೆಂಬರ್‌ನಲ್ಲೇ ಟ್ರೈ ಮಾಡಿ, ಆಗದೆ, ಯಾರನ್ನು ಕೇಳೋದು ಅಂತ ಗೊತ್ತಾಗದೆ ಸುಮ್ನೆ ಬಿಟ್ಟಿದ್ದರು. ನಮ್ಮ ಏಳು ಲಕ್ಷ ತಡೆದು ನಿಲ್ಲಿಸಿದ್ದು ಒಂದು ಚುಕ್ಕೆ. ಅಡ್ವಾನ್ಸ್ ಹೇಗೆ ಬಂತು ಹಾಗಾದರೆ? ಅಡ್ವಾನ್ಸ್ ಡೌನ್ ಪೇಮೆಂಟ್ ಆಗಿ ಹೋಗುತ್ತೆ, ಅದಕ್ಕೆ ಎಸ್‌ಇಎಸ್ ಬೇಕಿಲ್ಲ. ಅದಕ್ಕೇ ಈ ಗಂಟು ಯಾವಾಗಲೂ ಎರಡನೇ ಬಿಲ್‌ನಲ್ಲೇ ಸಿಗೋದು.

ಇನ್ನು ಉಳಿದದ್ದು ಪಿಒ ಅಮೆಂಡ್ ಮಾಡಿಸುವುದು. ಮೈಲ್‌ಸ್ಟೋನ್‌ಗೊಂದು ಲೈನ್ ಮಾಡಿಸಬಹುದು, ಇಲ್ಲಾ ಅದೇ ಲೈನ್ ಇಟ್ಟುಕೊಂಡು ಕ್ವಾಂಟಿಟಿಯನ್ನು 100 ಮಾಡಿ ರೇಟ್ 20,000 ಮಾಡಿಸಬಹುದು. ನಾನು ಎರಡನೆಯದನ್ನೇ ಹಿಡಿದೆ. ಅಡ್ವಾನ್ಸ್ ಆಗಲೇ ಆ ಲೈನ್ ಮೇಲೆ ಹೋಗಿತ್ತು, ಲೈನ್ ಒಡೆದರೆ ಅದನ್ನು ಬಿಡಿಸಿ ಕೂರಿಸುವುದು ಇನ್ನೊಂದು ರಗಳೆ. 100 ಆದರೆ 30 ಪರ್ಸೆಂಟ್ ಅಂದರೆ ಕ್ವಾಂಟಿಟಿ 30, ಮುಗೀತು. ಒಟ್ಟು ಅದೇ 20 ಲಕ್ಷ.

ಪರ್ಚೇಸ್‌ನ ಬಯರ್ ಮಾತ್ರ ಹಿಂದೇಟು ಹಾಕಿದರು. ಅಮೆಂಡ್ ಮಾಡಿದರೆ ಪಿಒ ಮತ್ತೆ ರಿಲೀಸ್‌ಗೆ ಹೋಗುತ್ತೆ, ಮೂವರು ಒತ್ತಬೇಕು, ನಾಳೆ ಆಡಿಟ್‌ನವರು ಯಾಕೆ ಬದಲಾಯಿಸಿದ್ರಿ ಅಂತ ಕೇಳ್ತಾರೆ. ಅವರ ಭಯ ಸರಿಯಾದದ್ದೇ. ಹಾಗಾಗಿ ಆಡಿಟ್‌ಗೆ ಕೊಡಬೇಕಾದ ಉತ್ತರವನ್ನು ನಾನೇ ಬರೆದುಕೊಟ್ಟೆ, ಅರ್ಧ ಪುಟ: ಮೊತ್ತ ಬದಲಾಗಿಲ್ಲ, ಕೆಲಸ ಬದಲಾಗಿಲ್ಲ, ಪೇಮೆಂಟ್ ಟರ್ಮ್ಸ್ ಬದಲಾಗಿಲ್ಲ, ಪಿಒದಲ್ಲೇ ಬರೆದಿರುವ ಮೈಲ್‌ಸ್ಟೋನ್ ಪ್ರಕಾರ ಎಂಟ್ರಿ ಹಾಕಲು ಯೂನಿಟ್ ಅಡ್ಡ ಬರುತ್ತಿದೆ, ಅಷ್ಟೇ. ಜೊತೆಗೆ ಆ ಕೆಂಪು ಎರರ್‌ನ ಫೋಟೋ. ಮೇಲ್ ಅವರು ತಮ್ಮ ಮೇಲಿನವರಿಗೆ ಒಂದಕ್ಷರ ಸೇರಿಸದೆ ಫಾರ್ವರ್ಡ್ ಮಾಡುವ ಹಾಗೆ ಇತ್ತು. ಅದರಲ್ಲಿ ಪೇಮೆಂಟ್ ಯಾವಾಗ ಅನ್ನುವ ಪ್ರಶ್ನೆ ಇರಲಿಲ್ಲ, "ಹಲವು ಬಾರಿ ನೆನಪಿಸಿದರೂ" ಅನ್ನುವ ಕೊಂಕೂ ಇರಲಿಲ್ಲ. ಸಬ್ಜೆಕ್ಟ್ ಹೀಗಿತ್ತು:

```
PO 45xxxxxxxx / Line 10 / Qty 1 -> 100 / No value change
```

ಈ "No value change" ಅನ್ನುವುದನ್ನು ಸಬ್ಜೆಕ್ಟ್‌ನಲ್ಲೇ ಹಾಕಿ. ದೊಡ್ಡವರು ಮೊಬೈಲ್‌ನಲ್ಲಿ ನೋಡುವುದು ಅಷ್ಟನ್ನೇ.

ಆದರೂ ಇದು ಮೂರನೆಯವರ ಹತ್ತಿರ, ಅಂದರೆ ಫೈನಾನ್ಸ್ ಕಂಟ್ರೋಲರ್ ಹತ್ತಿರ, ನಿಂತಿತು. ಅವರಿಗೆ ಅವಸರ ಯಾಕಿರಬೇಕು? ಅವರ ಪುಸ್ತಕದಲ್ಲಿ ನಮಗೆ ಕೊಡಬೇಕಾದ್ದು ಸೊನ್ನೆ, ಬಿಲ್ ಪೋಸ್ಟ್ ಆಗಿದ್ದರೆ ತಾನೇ. ಇಲ್ಲಿ ಫೆಬ್ರವರಿ ನನಗೆ ಒಲಿಯಿತು. ಹಣಕಾಸು ವರ್ಷದ ಕೊನೆ ಹತ್ತಿರ ಬಂದಾಗ ದೊಡ್ಡ ಕಂಪನಿಗಳು ವೆಂಡರ್‌ಗಳಿಗೆ ಬಾಕಿ ಇಷ್ಟೇ ತಾನೇ ಅಂತ ಕೇಳುವ ಬ್ಯಾಲೆನ್ಸ್ ಕನ್ಫರ್ಮೇಷನ್ ಪತ್ರ ಕಳಿಸುತ್ತವೆ, ಜೊತೆಗೆ ಸಣ್ಣ ಉದ್ದಿಮೆ ನೋಂದಣಿಯ ಉದ್ಯಮ್ ಸರ್ಟಿಫಿಕೇಟ್ ಕೇಳುತ್ತವೆ. ನಮ್ಮಲ್ಲಿ ಬಹಳ ಜನ ಅದನ್ನು ನೋಡದೆ ಸೀಲ್ ಒತ್ತಿ ಕಳಿಸಿಬಿಡ್ತಾರೆ. ನಾನು ಅದರಲ್ಲಿ "ಒಪ್ಪುವುದಿಲ್ಲ" ಅನ್ನುವ ಕಡೆ ಟಿಕ್ ಹಾಕಿ, ನಮ್ಮ ಪ್ರಕಾರ ಬಾಕಿ 7.08 ಲಕ್ಷ ಅಂತ ಬಿಲ್ ನಂಬರ್, ಇನ್‌ಸ್ಟಾಲೇಷನ್ ರಿಪೋರ್ಟ್ ತಾರೀಕು ಬರೆದು, ಜಿಎಸ್‌ಟಿ ಕಟ್ಟಿದ ವಿವರ ಸೇರಿಸಿ ಕಳಿಸಿದೆ. ವೆಂಡರ್ ಏಳು ಲಕ್ಷ ಅಂತಾನೆ, ಪುಸ್ತಕ ಸೊನ್ನೆ ಅನ್ನುತ್ತೆ, ಆದರೆ ಅವರದೇ ಟ್ಯಾಕ್ಸ್ ಟೀಮ್ ನೋಡುವ ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ ಬಿಲ್ ಜನವರಿಯಿಂದ ಕೂತಿದೆ. ಇದಕ್ಕೆ ಅವರ ಆಡಿಟರ್‌ಗೆ ಯಾರಾದರೂ ಉತ್ತರ ಕೊಡಲೇಬೇಕು.

ನಮ್ಮದು ಉದ್ಯಮ್‌ನಲ್ಲಿ ಮೈಕ್ರೋ. ಪಿಒದಲ್ಲಿ 60 ದಿನ ಅಂತಿದ್ದರೂ ಸಣ್ಣ ಉದ್ದಿಮೆಗಳ ಎಂಎಸ್‌ಎಂಇಡಿ ಕಾಯ್ದೆಯ 15ನೇ ಸೆಕ್ಷನ್ 45 ದಿನ ದಾಟಲು ಬಿಡುವುದಿಲ್ಲ. ಆ ಲೆಕ್ಕ ಎಸ್‌ಇಎಸ್ ದಿನದಿಂದ ಅಲ್ಲ. ಕೆಲಸ ಮುಗಿಸಿ ಕೊಟ್ಟ 15 ದಿನದೊಳಗೆ ಅವರು ಬರಹದಲ್ಲಿ ತಕರಾರು ಎತ್ತದಿದ್ದರೆ ಕೊಟ್ಟ ದಿನದಿಂದಲೇ ಶುರು. ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಪ್ರಕಾರ ಆ ವರ್ಷದ ಖರ್ಚಾಗಿ ತೋರಿಸಲು ಆಗುವುದಿಲ್ಲ, ನಿಜವಾಗಿ ಕೊಟ್ಟ ವರ್ಷ ಮಾತ್ರ. ಇದು ಮೈಕ್ರೋ, ಸ್ಮಾಲ್‌ಗೆ ಮಾತ್ರ. ಮೀಡಿಯಮ್‌ಗೆ ಇಲ್ಲ, ಟ್ರೇಡರ್‌ಗಳಿಗೂ ಇಲ್ಲ. ನಾನು ಇದನ್ನೆಲ್ಲ ಬೆದರಿಕೆಯಾಗಿ ಬರೆಯಲೇ ಇಲ್ಲ. ಸರ್ಟಿಫಿಕೇಟ್ ಕಳಿಸುವ ಮೇಲ್‌ನಲ್ಲಿ ಕೊನೆಗೆ ಒಂದು ಸಾಲು, ಮಾರ್ಚ್ 31ರ ನಿಮ್ಮ ಪಟ್ಟಿಗೆ ಬೇಕಾಗಬಹುದು ಅಂತ. ಆಮೇಲೆ ಕಂಟ್ರೋಲರ್ ಆಫೀಸಿಗೆ ಒಂದು ಫೋನ್ ಮಾಡಿದೆ. ಯಾರಿಗೆ, ಏನು ಹೇಳಿದೆ ಅನ್ನೋದು ಇಲ್ಲಿ ಬೇಡ, ಇನ್ನೂ ಅವರ ಜೊತೆ ಕೆಲಸ ನಡೀತಾ ಇದೆ.

ರಿಲೀಸ್ ಎರಡು ಮೂರು ದಿನದಲ್ಲಿ ಆಯಿತು. ಇಂಜಿನಿಯರ್ ನಾನು ಫೋನ್‌ನಲ್ಲಿ ಇರುವಾಗಲೇ 30 ಅಂತ ಹೊಡೆದು ಎಸ್‌ಇಎಸ್ ನಂಬರ್ ಓದಿದರು. ಅವರ ಪೇಮೆಂಟ್ ರನ್ ತಿಂಗಳಿಗೆ ಎರಡೇ ಸಲ, ಅದಕ್ಕೂ ಎರಡು ದಿನ ಮುಂಚೆ ಬಾಗಿಲು ಮುಚ್ಚುತ್ತೆ. ಬಿಲ್ ಆ ಗಡುವಿಗೆ ಮುಂಚೆ ಪೋಸ್ಟ್ ಆಗುವ ಹಾಗೆ ನೋಡಿಕೊಂಡೆ, ತಪ್ಪಿದ್ದರೆ ಇನ್ನೂ ಹದಿನೈದು ದಿನ. 2 ಪರ್ಸೆಂಟ್ ಟಿಡಿಎಸ್ 12 ಸಾವಿರ ಕಳೆದು 6.96 ಲಕ್ಷ ಬಂತು. ಬಡ್ಡಿಗೆ ಹೋಗಿದ್ದು ನಮ್ಮ ಲೆಕ್ಕದಲ್ಲಿ ಹದಿನೈದು ಸಾವಿರದ ಆಸುಪಾಸು. ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಆರ್‌ಬಿಐ ಬ್ಯಾಂಕ್ ರೇಟ್‌ನ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದಿತ್ತು, ಕೇಳಲಿಲ್ಲ. ಮುಂದಿನ 40 ಪರ್ಸೆಂಟ್ ಮೇಲೆ ಕಣ್ಣಿತ್ತು.

ಇದರ ರುಚಿ ಹತ್ತಿ ಹೊಸೂರಿನ ಇನ್ನೊಂದು ಕ್ಲೈಂಟ್‌ನಲ್ಲೂ ಕೇಳಿ ನೋಡಿದೆ. ಅಲ್ಲಿ ಎಸ್‌ಇಎಸ್ ಇತ್ತು, ಬಿಲ್ ಪೋಸ್ಟ್ ಕೂಡ ಆಗಿತ್ತು, ಆದರೆ ಪೇಮೆಂಟ್ ಬ್ಲಾಕ್. ಪಿಒದಲ್ಲಿ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಟ್ಯಾಕ್ಸ್ ಕೋಡ್ ಕೂತಿತ್ತು, ನಾವು ಕರ್ನಾಟಕದಿಂದ ಹಾಕಿದ್ದು ಐಜಿಎಸ್‌ಟಿ. ಒಂದು ಮೇಲ್‌ನಲ್ಲಿ ಬಗೆಹರಿಯಿತು. ಮೇಲ್ ಯಾವ ಹೊತ್ತಿಗೆ ಕಳಿಸಿದರೆ ಉತ್ತರ ಬರುತ್ತೆ ಅಂತಲೂ ಸ್ವಲ್ಪ ಆಟ ಆಡಿದೆ. ಬೆಳಿಗ್ಗೆ ಶಿಫ್ಟ್ ಮೀಟಿಂಗ್ ಮುಗಿದ ಮೇಲಿನ ಅರ್ಧ ಗಂಟೆ ಒಳ್ಳೇದು, ಶುಕ್ರವಾರ ಮಧ್ಯಾಹ್ನ ದಂಡ. ಕೊಡೋಕೆ ದುಡ್ಡೇ ಇಲ್ಲದ ಕಂಪನಿ ಹತ್ತಿರ, ಅಥವಾ ಕೆಲಸ ಇಷ್ಟವಾಗದೆ ಬೇಕಂತಲೇ ಬಿಲ್ ಹಿಡಿದವರ ಹತ್ತಿರ ಇದು ಯಾವುದೂ ನಡೆಯಲ್ಲ. ಗುರುತು ಸುಲಭ: ಎಸ್‌ಇಎಸ್ ನಂಬರ್ ಕೇಳಿದಾಗ ನಿಜವಾಗಿ ಸಿಕ್ಕಿಕೊಂಡವರು ಹುಡುಕಿ ನೋಡ್ತಾರೆ, ಕೊಡಲು ಮನಸ್ಸಿಲ್ಲದವರು "ಮೀಟಿಂಗ್ ಮಾಡೋಣ" ಅಂತಾರೆ.

ಈಗ ನಮ್ಮ ಕೊಟೇಷನ್‌ನಲ್ಲೇ ಕ್ವಾಂಟಿಟಿ 100 ಅಂತ ಹಾಕ್ತೀವಿ, ಬಯರ್ ಅದನ್ನೇ ಪಿಒಗೆ ನಕಲು ಮಾಡಿಕೊಳ್ತಾರೆ. ತುಮಕೂರಿನವರ 40ರ ಎಸ್‌ಇಎಸ್ ಯುಎಟಿ ಸೈನ್ ಆದ ಸಂಜೆಯೇ ಆಯಿತು. ಉಳಿದ 10ಕ್ಕೆ ಮಾತ್ರ ಈಗ ಬ್ಯಾಂಕ್ ಗ್ಯಾರಂಟಿ ಬೇಕು ಅಂತ ಹೊಸ ರಾಗ ತೆಗೆದಿದ್ದಾರೆ.