ಉಪ್ಪು ತೊಳೆಯಲು ಎಷ್ಟು ನೀರು? ಮೆಣಸಿನಕಾಯಿ ಗದ್ದೆಯಲ್ಲಿ ನಾನು ಹಾಕಿದ ಲೆಕ್ಕ

ಶನಿವಾರಸಂತೆ ಕಡೆ ಭತ್ತ ಕೊಯ್ದ ಗದ್ದೆಗೆ ಬೇಸಿಗೆಯಲ್ಲಿ ಹಸಿಮೆಣಸಿನಕಾಯಿ ಹಾಕುವುದು ವಾಡಿಕೆ. ನಾನೂ ಅರ್ಧ ಎಕರೆಯಲ್ಲಿ ಹಾಕುತ್ತೇನೆ. ಕೊಡಗಿನಲ್ಲಿ ಉಪ್ಪುನೀರಿನ ಮಾತು ಅಪರೂಪ, ಆದರೆ ನಮ್ಮ ಬೋರ್‌ವೆಲ್ ನೀರು ಸ್ವಲ್ಪ ಉಪ್ಪು. ಗಿಡ ನೀರನ್ನು ಕುಡಿದು ಉಪ್ಪನ್ನು ಮಣ್ಣಲ್ಲೇ ಬಿಡುತ್ತದೆ. ಹಾಗಾಗಿ ಗಿಡಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ನೀರು ಕೊಟ್ಟು, ಆ ಉಪ್ಪನ್ನು ಬೇರಿನ ಕೆಳಗೆ ಇಳಿಸಬೇಕು. ಎಷ್ಟು ಹೆಚ್ಚು ಎಂಬುದಕ್ಕೆ ಲೆಕ್ಕ ಇದೆ.

ಮೊದಲು ನೀರಿನ ಇ.ಸಿ. ಬೇಕು, ಅಂದರೆ ನೀರಲ್ಲಿ ಎಷ್ಟು ಉಪ್ಪಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ. ಅಂಗಡಿಯಲ್ಲಿ ಸಿಗುವ ಟಿಡಿಎಸ್ ಮೀಟರಿನ ಪಿಪಿಎಂ ನಂಬಿ ಲೆಕ್ಕ ಹಾಕಬೇಡಿ. ಒಂದು ಮೀಟರು ಡೆಸಿಸೀಮೆನ್ಸ್ ಲೆಕ್ಕದ ಇ.ಸಿ.ಯನ್ನು 500ರಿಂದ ಗುಣಿಸಿ ತೋರಿಸಿದರೆ ಇನ್ನೊಂದು 640ರಿಂದ ಗುಣಿಸುತ್ತದೆ. ನೇರವಾಗಿ ಇ.ಸಿ. ತೋರಿಸುವ ಮೀಟರಿನಲ್ಲಿ ನಮ್ಮ ನೀರು ಸೆಂಟಿಮೀಟರಿಗೆ 1,400 ಮೈಕ್ರೋಸೀಮೆನ್ಸ್ ಬಂತು, ಅಂದರೆ ಮೀಟರಿಗೆ 1.4 ಡೆಸಿಸೀಮೆನ್ಸ್. ಎರಡನೆಯದು ಬೆಳೆಯ ತಾಳಿಕೆ. ಮೆಣಸಿನಕಾಯಿ ಇಳುವರಿ ಕಡಿಮೆಯಾಗದೆ 1.5ರವರೆಗೆ ತಾಳುತ್ತದೆ; ಶೇ. 10 ಇಳುವರಿ ಹೋದರೂ ಪರವಾಗಿಲ್ಲ ಎಂದರೆ 2.2 ಹಿಡಿಯಬಹುದು. ಇವು ಮಣ್ಣನ್ನು ನೀರಲ್ಲಿ ಕಲಸಿ ಮುದ್ದೆ ಮಾಡಿ, ಅದರಿಂದ ಹಿಂಡಿ ತೆಗೆದ ನೀರಿನ ಇ.ಸಿ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾಮಾನ್ಯವಾಗಿ ಬರುವುದು ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ಅಳೆದದ್ದು. ಅದು ಬಹಳ ಕಡಿಮೆ ಇರುತ್ತದೆ, ಅದನ್ನು ಇದರ ಪಕ್ಕ ಇಟ್ಟು ಹೋಲಿಸುವಂತಿಲ್ಲ.

ಸೂತ್ರ ಇದು. LR ಎಂದರೆ ತೊಳೆತಕ್ಕೆ ಹೋಗಬೇಕಾದ ನೀರಿನ ಪಾಲು, ECw ಎಂದರೆ ನೀರಿನ ಇ.ಸಿ., ECe ಎಂದರೆ ಬೆಳೆ ತಾಳುವ ಮಣ್ಣಿನ ಇ.ಸಿ.:

```
LR = ECw / (5 × ECe − ECw)
LR = 1.4 / (5 × 1.5 − 1.4) = 0.23
```

ಅಂದರೆ ಕೊಟ್ಟ ನೀರಿನಲ್ಲಿ ಶೇ. 23 ಬೇರು ದಾಟಿ ಇಳಿಯಬೇಕು. 2.2 ಹಿಡಿದರೆ ಶೇ. 15 ಸಾಕು. ಮೆಣಸಿನಕಾಯಿಗೆ ಕಾಯಿ ತುಂಬುವ ಹೊತ್ತಲ್ಲಿ ಇಳುವರಿಯೇ ದುಡ್ಡು, ಅದಕ್ಕೆ ನಾನು 0.23 ಹಿಡಿದೆ. ದಿನಕ್ಕೆ 4.5 ಮಿ.ಮೀ. ಖರ್ಚು ಅಂದುಕೊಂಡು ಆರು ದಿನಕ್ಕೊಮ್ಮೆ ನೀರು ಕಟ್ಟಿದರೆ ಗಿಡಕ್ಕೆ ಬೇಕಾದ್ದು 27 ಮಿ.ಮೀ. ಅದನ್ನು 0.77ರಿಂದ ಭಾಗಿಸಿದರೆ 35 ಮಿ.ಮೀ. ಇಲ್ಲಿ 27ಕ್ಕೆ ಶೇ. 23 ಕೂಡಿಸಬಾರದು, ಹಾಗೆ ಮಾಡಿದರೆ 33 ಬಂದು ನೀರು ಕಡಿಮೆಯಾಗುತ್ತದೆ. ಅರ್ಧ ಎಕರೆಗೆ ಒಂದು ಮಿ.ಮೀ. ಎಂದರೆ ಸುಮಾರು 2,000 ಲೀಟರ್. ಹಾಗಾಗಿ ಒಂದು ಸರದಿಗೆ ಸುಮಾರು 71,000 ಲೀಟರ್ ಬೇಕು. ಗಂಟೆಗೆ 8,000 ಲೀಟರ್ ಕೊಡುವ ನಮ್ಮ ಮೋಟರಿಗೆ ಅದು ಒಂಬತ್ತು ಗಂಟೆಯ ಕೆಲಸ.

ಆದರೆ ಸಾಲಿನ ತುದಿಗೆ ನೀರು ಮುಟ್ಟಲು ನಮ್ಮ ಮೋಟರು ಹತ್ತು ಗಂಟೆ ಓಡುತ್ತಿತ್ತು. ಅಂದರೆ 80,000 ಲೀಟರ್, ಸುಮಾರು 40 ಮಿ.ಮೀ. ಒಟ್ಟು ಲೆಕ್ಕದಲ್ಲಿ ಬೇಕಾದ ತೊಳೆತಕ್ಕಿಂತ ಹೆಚ್ಚೇ ಆಗುತ್ತಿತ್ತು. ಹಾಗಿದ್ದೂ ತುದಿಕಡೆಯ ಗಿಡಗಳ ಎಲೆ ಅಂಚು ಸುಟ್ಟಂತಿತ್ತು, ತಲೆಕಡೆ ಹಸಿರಾಗಿತ್ತು. ನೀರು ಕಟ್ಟಿದ ಮರುದಿನ ಕಬ್ಬಿಣದ ಸರಳು ಚುಚ್ಚಿ ನೋಡಿದೆ: ತಲೆಕಡೆ ಎರಡೂವರೆ ಅಡಿ ಸಲೀಸಾಗಿ ಇಳಿಯಿತು, ತುದಿಯಲ್ಲಿ ಒಂದು ಅಡಿಗೇ ಗಟ್ಟಿ ಸಿಕ್ಕಿತು. ಸೂತ್ರ ಹೇಳುವುದು ಒಂದೊಂದು ಗಿಡದ ಬುಡದ ಲೆಕ್ಕ. ಗದ್ದೆಯ ಸರಾಸರಿ ಸರಿಯಿದ್ದರೂ ತುದಿಯ ಗಿಡಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಸಾಲುಗಳ ನಡುವೆ ಅಡ್ಡಗಾಲುವೆ ತೆಗೆದು ಉದ್ದವನ್ನು ಅರ್ಧ ಮಾಡಿದೆ. ಈಗ ಒಂಬತ್ತು ಗಂಟೆಯಲ್ಲೇ ಎರಡೂ ಕಡೆ ಸರಳು ಹೆಚ್ಚುಕಡಿಮೆ ಎರಡು ಅಡಿ ಇಳಿಯುತ್ತದೆ.

ಗದ್ದೆ ಮಣ್ಣಿನಲ್ಲಿ ಇನ್ನೊಂದು ತೊಡಕಿದೆ. ಕೆಸರು ಉತ್ತು ಉತ್ತು ಕೆಳಗೆ ಗಟ್ಟಿ ಪದರ ಆಗಿರುತ್ತದೆ. ನೀರು ಅದರ ಮೇಲೆ ನಿಂತರೆ ತೊಳೆತವೇ ಇಲ್ಲ. ಬೇರು ಕೊಳೆಯುತ್ತದೆ, ಆವಿಯಾದಂತೆ ಉಪ್ಪು ಮತ್ತೆ ಮೇಲೆ ಬರುತ್ತದೆ. ನನ್ನ ತಗ್ಗಿನ ಮಡಿಯಲ್ಲಿ ಬಸಿಗಾಲುವೆ ಆಳ ಮಾಡಿದ ಮೇಲೆಯೇ ನಾನು ಹೆಚ್ಚುವರಿ ನೀರು ಕೊಟ್ಟದ್ದು. ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ಬೆಳೆಯ ಕೊನೆಗೆ ಅರ್ಧ ಅಡಿ, ಒಂದು ಅಡಿ, ಎರಡು ಅಡಿ ಆಳದ ಮಣ್ಣನ್ನು ಬೇರೆಬೇರೆಯಾಗಿ ಪರೀಕ್ಷೆ ಮಾಡಿಸುತ್ತೇನೆ. ಕೆಳಗೆ ಹೋದಂತೆ ಇ.ಸಿ. ಏರಿದ್ದರೆ ಉಪ್ಪು ಇಳಿಯುತ್ತಿದೆ. ಮೇಲಿನ ಪದರದಲ್ಲೇ ಹೆಚ್ಚಿದ್ದರೆ ಇಳಿಯುತ್ತಿಲ್ಲ.

ಹೂಮಳೆ ಚೆನ್ನಾಗಿ ಸುರಿದರೆ ಅದನ್ನು ತೊಳೆತಕ್ಕೆ ಲೆಕ್ಕ ಹಿಡಿದು ಮುಂದಿನ ಸರದಿಯನ್ನು ತಡ ಮಾಡುತ್ತೇನೆ. ತುಂತುರಷ್ಟೇ ಬಂದರೆ ಏರಿಯ ನೆತ್ತಿಯಲ್ಲಿ ಕೂತ ಉಪ್ಪು ಕರಗಿ ಬೇರಿಗೇ ಇಳಿಯುತ್ತದೆ, ಆಗ ಮಳೆ ಬರುತ್ತಿರುವಾಗಲೇ ಮೋಟರು ಹಾಕಿ ಅದನ್ನು ಇನ್ನೂ ಕೆಳಗೆ ತಳ್ಳಬೇಕು. ಜೂನ್ ಮಳೆ ಹಿಡಿದ ಮೇಲೆ ನಮ್ಮಲ್ಲಿ ಈ ಲೆಕ್ಕವೇ ಬೇಡ, ಬಸಿಯುವ ಗದ್ದೆಯಾದರೆ ಬೇಸಿಗೆಯ ಉಪ್ಪನ್ನು ಮಳೆಯೇ ತೊಳೆಯುತ್ತದೆ. ನೀರಿನಲ್ಲಿ ಸೋಡಿಯಂ ಹೆಚ್ಚಿದ್ದು ಮಣ್ಣು ಮೇಲೆ ಹೆಪ್ಪುಗಟ್ಟಿ ನೀರು ಹೀರದಿದ್ದರೆ ಮಾತ್ರ ಬರೀ ನೀರು ಕಟ್ಟಿ ಪ್ರಯೋಜನವಿಲ್ಲ. ಅದಕ್ಕೆ ನೀರನ್ನೂ ಮಣ್ಣನ್ನೂ ಪರೀಕ್ಷಿಸಿ ಜಿಪ್ಸಂ ಪ್ರಮಾಣ ನಿರ್ಧರಿಸಬೇಕು.